ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್: ಅತ್ತಿಗೆಗೆ ಮಾಡಿಕೊಟ್ಟ 120 ಪದಗಳ ಪಟ್ಟಿ ಯಾಕೋ ಕೈಕೊಡುತ್ತಿದೆ

ಸಾಲುಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಯ ಮನೆಮಾತು ಕನ್ನಡ ಅಲ್ಲ. ಒಂದು ವರ್ಷದಿಂದ ಕಲಿಯುತ್ತಿದ್ದಾರೆ. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾರೆ. ಇನ್ನು 6 ದಿನಕ್ಕೆ ಟೆಸ್ಟ್. ಕನ್ನಡ ಪದ ಕೊಟ್ಟು ಇಂಗ್ಲಿಷ್ ಅರ್ಥ ಕೇಳುವ ಪ್ರಶ್ನೆ 20, ಇಂಗ್ಲಿಷ್ ಕೊಟ್ಟು ಕನ್ನಡ ಕೇಳುವುದು 10. ಕೊನೆಗೆ ನಾಲ್ಕು ಸಾಲಿನ ಒಂದು ಪ್ಯಾರಾ ಓದಿ ಅರ್ಥ ಬರೆಯಬೇಕು.

ಬೇಗ ಬೇಗ ತಿರುವಿ ಹಾಕೋಕೆ ಆಗಲಿ ಅಂತ ನಾನೇ ಕೂತು ಎರಡು ಕಾಲಂನ ಪಟ್ಟಿ ಮಾಡಿಕೊಟ್ಟೆ. ಒಟ್ಟು 120 ಪದ, ಅಕಾರಾದಿಯಲ್ಲಿ. ಅದರಿಂದ ಕೆಲವು ಸಾಲು ಕೆಳಗಿದೆ. ಅವರ ಹಾಳೆಯಲ್ಲಿ ಬಲಗಡೆ ಇರುವುದು ಇಂಗ್ಲಿಷ್ ಅಕ್ಷರವೇ, ಇಲ್ಲಿ ನನಗೆ ಟೈಪ್ ಮಾಡೋಕೆ ಸುಲಭ ಅಂತ ಕನ್ನಡದಲ್ಲೇ ಹಾಕಿದ್ದೇನೆ.

| ಕನ್ನಡ | ಇಂಗ್ಲಿಷ್ ಅರ್ಥ |
|---|---|
| ಅಕ್ಕ | ಸಿಸ್ಟರ್ |
| ಅಕ್ಕಿ | ರೈಸ್ |
| ಅನ್ನ | ರೈಸ್ |
| ಅಳು | ಕ್ರೈ |
| ಏಳು | ಸೆವೆನ್ |
| ಕೇಳು | ಆಸ್ಕ್ |
| ತಂಗಿ | ಸಿಸ್ಟರ್ |
| ತೆಗೆ | ಟೇಕ್ |
| ಬಲೆ | ನೆಟ್ |
| ಬಳೆ | ಬ್ಯಾಂಗಲ್ |
| ಬೀಳು | ಫಾಲ್ |
| ಮಲೆ | ಹಿಲ್ |
| ಮಳೆ | ರೇನ್ |

ನಿನ್ನೆ ರಾತ್ರಿ ಒಂದು ಸಲ ಒಪ್ಪಿಸಿದರು. ಪಟ್ಟಿಯ ಕ್ರಮದಲ್ಲೇ ಕೇಳಿದಾಗ 120ಕ್ಕೆ 104 ಸರಿ. ನನಗೆ ಖುಷಿ. ಆಮೇಲೆ ಸುಮ್ನೆ ಅಲ್ಲೊಂದು ಇಲ್ಲೊಂದು ಆರಿಸಿ ಕೇಳಿದೆ. 104 ಇದ್ದದ್ದು 73ಕ್ಕೆ ಇಳಿಯಿತು. ಇಂಗ್ಲಿಷ್ ಹೇಳಿ ಕನ್ನಡ ಕೇಳಿದಾಗ ಬರೀ 41. ಅದೇ ಪದ, ಅದೇ ಮನುಷ್ಯರು, ಅದೇ ರಾತ್ರಿ! ಪಟ್ಟಿಯಲ್ಲೇ ಏನೋ ತಪ್ಪಿದೆಯಾ ಅಥವಾ ಇಷ್ಟೇನಾ?

---

ಬಿಸಿಲುಕುದುರೆ

ಪಟ್ಟಿ ಚೆನ್ನಾಗೇ ಇದೆ. ಬಾಯಲ್ಲಿ ಓದಿದರೆ ನಿಲ್ಲುವುದಿಲ್ಲ, ಕೈಯಲ್ಲಿ ಬರೆಯಬೇಕು. ಒಂದೊಂದು ಪದವನ್ನೂ 10 ಸಲ ಬರೆಸಿ. ಇನ್ನೊಂದು ಮಾತು, ಮಧ್ಯದಲ್ಲಿ ಮೂರನೇ ಕಾಲಂ ಹಾಕಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಬಿಡಿ. ನಿಧಾನವಾಗಿ ಓದುವವರಿಗೆ ಅದೇ ಆಧಾರ. 6 ದಿನದಲ್ಲಿ ಲಿಪಿ ಜೊತೆ ಗುದ್ದಾಡೋದು ಯಾಕೆ?

---

ಮಳೆಬಿಲ್ಲು

ನಮ್ಮನೇಲೂ ಇದೇ ಗೋಳು! ನನ್ನ ಮಗ ಐದನೇ ಕ್ಲಾಸು. ಇಂಗ್ಲಿಷ್ ಟೆಸ್ಟ್‌ಗೆ ಹೀಗೇ ಎರಡು ಕಾಲಂ ಹಾಕಿಕೊಟ್ಟಿದ್ದೆ. ಅರ್ಥ ಎಲ್ಲ ಹೇಳುತ್ತಾನೆ, ಸ್ಪೆಲಿಂಗ್ ಮಾತ್ರ ಬರಲ್ಲ. ನೀವು ಅತ್ತಿಗೆಗೆ ಸ್ಪೆಲಿಂಗ್ ಬಾಯಿಪಾಠ ಮಾಡಿಸಿ, ಎಲ್ಲ ಸರಿ ಹೋಗುತ್ತದೆ. ಅಂದ ಹಾಗೆ ನನ್ನ ಮಗನಿಗೆ ಸಿಸ್ಟರ್ ಅನ್ನೋದು ಒಂದೇ ದಿನಕ್ಕೆ ಬಂತು. ಅಕ್ಕನಿಗೂ ಅದೇ, ತಂಗಿಗೂ ಅದೇ, ಅಷ್ಟೇ ತಾನೇ ಅಂದ.

---

ಸಾಲುಗೆರೆ

ಮೇಡಂ, ಇಲ್ಲಿ ಇಂಗ್ಲಿಷ್ ಗೊತ್ತು, ಕನ್ನಡ ಕಲಿಯಬೇಕಾಗಿದೆ. ನಿಮ್ಮ ಮಗನದ್ದು ಉಲ್ಟಾ.

---

ಕರಿಹಲಗೆ

ದೊಡ್ಡವರಿಗೆ ಕನ್ನಡ ಹೇಳಿಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇಂಥ ಹಾಳೆಗಳನ್ನು ನೋಡುತ್ತಾ ಬಂದಿದ್ದೇನೆ, ನಾನೇ ಕೆಟ್ಟದಾಗಿ ಮಾಡಿದವೂ ಅದರಲ್ಲಿವೆ.

ಮಳೆಬಿಲ್ಲು ಅವರು ಪ್ರಶ್ನೆಯನ್ನು ಬೇರೆ ಥರ ತಿಳಿದುಕೊಂಡರೂ ಕೊನೆಯ ಮಾತಿನಲ್ಲಿ ಉತ್ತರ ಸಿಕ್ಕಿಬಿಟ್ಟಿದೆ. ಅವರ ಮಗ ಎರಡು ಕನ್ನಡ ಪದದಿಂದ ಒಂದು ಇಂಗ್ಲಿಷ್ ಪದಕ್ಕೆ ಹೋಗುತ್ತಾನೆ. ದಾರಿ ಒಂದೇ ಕಡೆಗೆ ಸೇರುತ್ತದೆ, ತಪ್ಪುವ ಮಾತೇ ಇಲ್ಲ. ನಿಮ್ಮ ಅತ್ತಿಗೆ ಒಂದರಿಂದ ಎರಡಕ್ಕೆ ಹೋಗಬೇಕು. ಬಲಗಡೆ "ರೈಸ್" ಅಂತ ಮಾತ್ರ ಇದ್ದರೆ ಅಕ್ಕಿ ಅನ್ನಬೇಕೋ ಅನ್ನ ಅನ್ನಬೇಕೋ ಅವರಿಗೆ ಹೇಗೆ ತಿಳಿಯಬೇಕು? ನೀವು 41 ಅಂದಿರಲ್ಲ, ಅದರಲ್ಲಿ ಕೆಲವು ತಪ್ಪು ಅವರದ್ದಲ್ಲ, ಹಾಳೆಯದ್ದು.

ಒಂದು ಪರೀಕ್ಷೆ ಮಾಡಿ. ಬಲಗಡೆಯ ಕಾಲಂ ಮಾತ್ರ ಮೇಲಿಂದ ಕೆಳಗೆ ನೋಡಿ. ಒಂದೇ ಇಂಗ್ಲಿಷ್ ಪದ ಎರಡು ಸಲ ಬಂದಿದೆಯಾ? ಬಂದ ಕಡೆಯೆಲ್ಲ ಹಾಳೆ ಕುಂಟುತ್ತಿದೆ ಅಂತಲೇ ಲೆಕ್ಕ. ಆ ಸಾಲುಗಳಿಗೆ ಬಲಗಡೆ ಒಂದು ಮಾತು ಜಾಸ್ತಿ ಹಾಕಬೇಕು. ಅಕ್ಕ ಎಲ್ಡರ್ ಸಿಸ್ಟರ್, ತಂಗಿ ಯಂಗರ್ ಸಿಸ್ಟರ್. ಅಕ್ಕಿ ಅನ್‌ಕುಕ್ಡ್ ರೈಸ್, ಅನ್ನ ಕುಕ್ಡ್ ರೈಸ್. ಭತ್ತ ಇದ್ದರೆ ಪ್ಯಾಡಿ. ಇಷ್ಟು ಮಾಡಿ ನೋಡಿ, ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಲೆಕ್ಕ ತಾನಾಗೇ ಏರುತ್ತದೆ.

ಅಂದ ಹಾಗೆ "ಸಿಸ್ಟರ್ ಇನ್ ಲಾ" ಅಂತ ಬಲಗಡೆ ಬರೆದಿಲ್ಲ ತಾನೇ? ಬರೆದಿದ್ದರೆ ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ ಆ ಒಂದೇ ಖಾನೆಯಲ್ಲಿ ಜಗಳ ಆಡುತ್ತಾರೆ.

---

ಸಾಲುಗೆರೆ

ಅಯ್ಯೋ ಬರೆದಿದ್ದೆ. "ಬ್ರದರ್ ಇನ್ ಲಾ" ಅಂತಲೂ ಬರೆದಿದ್ದೆ. ಎದುರಿಗೆ ಭಾವ. ಅತ್ತಿಗೆ ನನ್ನ ಮುಖ ನೋಡಿ "ಹಾಗಾದರೆ ನೀನು ಭಾವ" ಅಂದರು. ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮೈದುನ ಅನ್ನೋದು ನನಗೇ ಹಾಳೆಯಲ್ಲಿ ಹಾಕೋಕೆ ತೋಚಿರಲಿಲ್ಲ.

ಬಲಗಡೆ ನೋಡಿದೆ ಮೇಡಂ. 120ರಲ್ಲಿ 17 ಸಾಲು ಹೀಗಿವೆ. ಸರಿ ಮಾಡುತ್ತೇನೆ. ಆದರೆ ಕ್ರಮ ಬದಲಿಸಿದ ಕೂಡಲೇ 104 ಇದ್ದದ್ದು 73 ಆಯಿತಲ್ಲ, ಅದಕ್ಕೂ ಇದೇ ಕಾರಣನಾ?

---

ಕರಿಹಲಗೆ

ಇಲ್ಲ, ಅದು ಅಕಾರಾದಿಯ ಕೆಲಸ. ನಿಘಂಟಿಗೆ ಅಕಾರಾದಿ ಸರಿ, ಬೇಕಾದ ಪದ ಹುಡುಕಿ ತೆಗೆಯಬೇಕಲ್ಲ. ಕಲಿಯುವ ಹಾಳೆಯಲ್ಲಿ ಅದು ಉತ್ತರವನ್ನು ಪಿಸುಗುಟ್ಟುತ್ತದೆ. ಬಲೆ, ಬಳೆ ಒಂದರ ಕೆಳಗೊಂದು ಬಂದಿವೆ. ಅತ್ತಿಗೆಗೆ ಲ, ಳ ವ್ಯತ್ಯಾಸ ಗೊತ್ತಾಗಬೇಕು ಅಂತಲೇ ಇಲ್ಲ. ಮೇಲಿನದು ನೆಟ್, ಕೆಳಗಿನದು ಬ್ಯಾಂಗಲ್ ಅಂತ ಜಾಗ ನೆನಪಿಟ್ಟುಕೊಂಡರೆ ಸಾಕು, ಸರಿ ಹೇಳುತ್ತಾರೆ. ಮಲೆ ಮಳೆಯೂ ಹಾಗೇ. ನಿಮ್ಮ 104ರಲ್ಲಿ ಪದ ಗೊತ್ತಿದ್ದದ್ದು 73, ಉಳಿದದ್ದು ಜಾಗ ಗೊತ್ತಿದ್ದದ್ದು.

ಇದನ್ನು ಕಂಡುಹಿಡಿಯೋಕೆ ಸುಲಭ. "ಬಳೆ" ಅಂತ ಒಂದನ್ನೇ ಒಂದು ಚೀಟಿಯಲ್ಲಿ ಬರೆದು ಮುಂದಿಡಿ. ಹಾಳೆಯಲ್ಲಿ ಸರಿ ಹೇಳಿದವರು ಇಲ್ಲಿ ತಪ್ಪಿದರೆ ಅವರಿಗೆ ಗೊತ್ತಿದ್ದದ್ದು ಪದ ಅಲ್ಲ, ಜಾಗ.

ಬಿಸಿಲುಕುದುರೆ ಅವರ ಮೂರನೇ ಕಾಲಂ ಬಗ್ಗೆ: ದಯವಿಟ್ಟು ಬೇಡ. ಇಂಗ್ಲಿಷ್ ಅಕ್ಷರದಲ್ಲಿ ನಾವು ಸಾಮಾನ್ಯವಾಗಿ ಬರೆಯುವ ಹಾಗೆ ಬರೆದರೆ ಮಲೆಯೂ ಮಳೆಯೂ ಒಂದೇ ಆಗಿಬಿಡುತ್ತವೆ. ಕೊಡು, ಕೋಡು ಎರಡೂ ಒಂದೇ. ಒಂದು ಕೊಡುವುದು, ಇನ್ನೊಂದು ಕೊಂಬು. ಅಲ್ಲದೆ ಕಣ್ಣಿಗೆ ಸುಲಭದ ದಾರಿ ಸಿಕ್ಕರೆ ಕಷ್ಟದ ಕಡೆ ಹೋಗುವುದೇ ಇಲ್ಲ. ಮೂರು ಕಾಲಂ ಇದ್ದರೆ ಮೊದಲನೆಯದನ್ನು ಯಾರೂ ಓದಲ್ಲ. ಟೆಸ್ಟ್ ಪೇಪರಿನಲ್ಲಿ ಇರುವುದು ಆ ಮೊದಲನೆಯದು ಮಾತ್ರ.

---

ಬಿಸಿಲುಕುದುರೆ

ಮೂರನೇ ಕಾಲಂ ಬಿಟ್ಟೆ, ಒಪ್ಪಿದೆ. 10 ಸಲ ಬರೆಯುವುದನ್ನು ಬಿಡಲ್ಲ. ನಾವೆಲ್ಲ ಹಾಗೇ ಕಲಿತದ್ದು.

---

ಕರಿಹಲಗೆ

ಅಕ್ಷರ ಕೈಗೆ ಕೂರಬೇಕಾದರೆ ಬರೆಯುವುದು ಒಳ್ಳೆಯದೇ. ಆದರೆ ಎದುರಿಗೆ ಪದ ಇಟ್ಟುಕೊಂಡು 10 ಸಲ ಬರೆದರೆ ಮೂರನೇ ಸಲದಿಂದ ಅದು ಚಿತ್ರ ಬಿಡಿಸಿದ ಹಾಗೆ. ಮುಚ್ಚಿಟ್ಟು, ನೆನಪಿಸಿಕೊಂಡು ಒಂದು ಸಲ ಬರೆಯಲಿ. ತಪ್ಪಾದರೆ ತೆರೆದು ನೋಡಿ, ಮತ್ತೆ ಮುಚ್ಚಿ ಇನ್ನೊಂದು ಸಲ. ಹತ್ತರ ಕೆಲಸ ಎರಡರಲ್ಲೇ ಮುಗಿಯುತ್ತದೆ.

---

ಲೆಕ್ಕದ_ಪುಸ್ತಕ

ಕ್ರಮ ಕಲೆಸೋಕೆ ಕೈಯಲ್ಲಿ ಮತ್ತೆ ಬರೆಯಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಎ ಕಾಲಂನಲ್ಲಿ ಕನ್ನಡ, ಬಿ ಕಾಲಂನಲ್ಲಿ ಇಂಗ್ಲಿಷ್ ಇದೆ ಅಂದುಕೊಳ್ಳಿ. ಮೊದಲ ಸಾಲು ತಲೆಬರಹ. ಸಿ ಕಾಲಂನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ, 121ನೇ ಸಾಲಿನವರೆಗೆ ಕೆಳಗೆ ಎಳೆಯಿರಿ:

```
=RAND()
```

ಪ್ರತಿ ಸಾಲಿಗೂ ಸೊನ್ನೆ ಮತ್ತು ಒಂದರ ನಡುವಿನ ಒಂದು ಸಂಖ್ಯೆ ಬೀಳುತ್ತದೆ. ಈಗ ಮೂರೂ ಕಾಲಂ ಒಟ್ಟಿಗೆ ಆರಿಸಿ, ಸಿ ಕಾಲಂ ಪ್ರಕಾರ ಸಾರ್ಟ್ ಮಾಡಿ. ಪಟ್ಟಿ ಕಲೆಸಿ ಹೋಗುತ್ತದೆ. ಇನ್ನೊಮ್ಮೆ ಸಾರ್ಟ್ ಮಾಡಿದರೆ ಇನ್ನೊಂದು ಕ್ರಮ.

"ಮೂರೂ ಒಟ್ಟಿಗೆ" ಅನ್ನೋದನ್ನು ಮರೆಯಬೇಡಿ. ನಾನು ಒಂದು ಸಲ ಗಡಿಬಿಡಿಯಲ್ಲಿ ಎ ಕಾಲಂ ಮಾತ್ರ ಆರಿಸಿ ಸಾರ್ಟ್ ಮಾಡಿದ್ದೆ. ಬಲಗಡೆ ಅಲ್ಲೇ ಉಳಿಯಿತು. ಹುಲಿ ಎದುರಿಗೆ ಬ್ಯಾಂಗಲ್, ಹಲ್ಲು ಎದುರಿಗೆ ರೇನ್. ನನಗೆ ಕನ್ನಡ ಬರುತ್ತದೆ, ನಗು ಬಂತು. ಹೊಸದಾಗಿ ಕಲಿಯುವವರಾದರೆ ಅದನ್ನೇ ಬಾಯಿಪಾಠ ಮಾಡಿಬಿಡುತ್ತಿದ್ದರು. ಪ್ರಿಂಟ್ ತೆಗೆಯುವ ಮುಂಚೆ ನಿಮಗೆ ಚೆನ್ನಾಗಿ ಗೊತ್ತಿರುವ ಐದಾರು ಸಾಲು ನೋಡಿಬಿಡಿ.

ಪ್ರಿಂಟ್ ಅಂದರೆ ನೆನಪಾಯಿತು. 120 ಸಾಲನ್ನು ಒಂದೇ ಹಾಳೆಗೆ ತುರುಕಬೇಡಿ. ಅಕ್ಷರ ಸಣ್ಣದಾದರೆ ಕೊ, ಕೋ ಎರಡೂ ಒಂದೇ ಥರ ಕಾಣುತ್ತವೆ. ಬಿ, ಬೀ ಕೂಡ. ನಮ್ಮ ಕಣ್ಣಿಗೆ ರೂಢಿ ಇದೆ, ಅವರಿಗಿಲ್ಲ. ಕನ್ನಡದ ಕಾಲಂಗೆ ಮಾತ್ರ 16 ಪಾಯಿಂಟ್ ಇಡಿ.

---

ಸಾಲುಗೆರೆ

ನಾಲ್ಕು ಹಾಳೆಯಾಯಿತು, ಒಂದೊಂದರಲ್ಲಿ 30 ಸಾಲು. ಕಲೆಸಿದ್ದೂ ಆಯಿತು. ನಿನ್ನೆ ಹೊಸ ಪಟ್ಟಿಯಿಂದ ಕೇಳಿದೆ. ಕನ್ನಡದಿಂದ ಇಂಗ್ಲಿಷಿಗೆ 79, ಇಂಗ್ಲಿಷಿನಿಂದ ಕನ್ನಡಕ್ಕೆ 55. ಕರಿಹಲಗೆ ಮೇಡಂ ಹೇಳಿದ ಹಾಗೇ ಆಯಿತು.

ಆದರೆ ಪ್ಯಾರಾ ಓದೋಕೆ ಕೊಟ್ಟಾಗ ಬೇರೆ ಕಥೆ. "ಮಗು ಬಿದ್ದು ಅತ್ತಿತು. ಅಜ್ಜಿ ಎದ್ದು ಬಂದು ಬಾಗಿಲು ತೆಗೆದಳು." ಎರಡೇ ಸಾಲು. ಅತ್ತಿಗೆಗೆ ಮಗು, ಅಜ್ಜಿ, ಬಾಗಿಲು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಬೀಳು, ಅಳು, ತೆಗೆ ಎಲ್ಲ ಪಟ್ಟಿಯಲ್ಲೇ ಇದೆ, ಒಪ್ಪಿಸಿದ್ದಾರೆ ಕೂಡ. "ಅತ್ತಿತು" ನೋಡಿ ಅತ್ತೆಗೆ ಏನೋ ಆಯಿತು ಅಂದುಕೊಂಡರು. ಅಜ್ಜಿ ಬಾಗಿಲನ್ನು ಎತ್ತಿಕೊಂಡು ಹೋದಳು ಅಂತ ಬರೆದಿದ್ದಾರೆ.

---

ಮಿಣುಕು

ಹಹ್ಹಾ, ಆ ಅಜ್ಜಿ ನನಗೂ ಗೊತ್ತು. ನಾನು ಕನ್ನಡವನ್ನು ದೊಡ್ಡವನಾದ ಮೇಲೆ ಕಲಿತವನು. ಈಗ ಇಲ್ಲಿ ಬರೆಯುವಷ್ಟು ಬಂದಿದೆ, ಅತ್ತಿಗೆಯವರಿಗೆ ತಿಳಿಸಿ. ನನಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ಇದೇ. ಪಟ್ಟಿಯಲ್ಲಿ ಒಂದು ರೂಪ, ಓದುವಾಗ ಇನ್ನೊಂದು. "ನಕ್ಕಳು" ಅನ್ನೋದನ್ನು ನಿಘಂಟಿನಲ್ಲಿ ನ ಅಕ್ಷರದ ಕೆಳಗೆ ಅರ್ಧ ಗಂಟೆ ಹುಡುಕಿದ್ದೆ. ನಗು ಇಂದ ಬಂತು ಅಂತ ಯಾರು ಹೇಳಬೇಕು?

---

ಕರಿಹಲಗೆ

ಇದು ಎರಡು ಕಾಲಂ ಪಟ್ಟಿಯ ನಿಜವಾದ ತೂತು. ನೋಡು ನೋಡಿದ, ಮಾಡು ಮಾಡಿದ, ಕೇಳು ಕೇಳಿದ. ಇವಕ್ಕೆ ಏನೂ ಮಾಡಬೇಕಾಗಿಲ್ಲ, ಮೂಲ ಪದ ಹಾಗೇ ಕಾಣುತ್ತದೆ. ಕಾಟ ಕೊಡುವುದು ನಡೆದುಹೋದದ್ದನ್ನು ಹೇಳುವಾಗ ವೇಷ ಬದಲಿಸುವ ಪದಗಳು. ಅವು ದಿನಾ ಬಳಸುವ ಪದಗಳೇ, ಹಾಗಾಗಿ ತಪ್ಪಿಸಿಕೊಳ್ಳೋಕೂ ಆಗಲ್ಲ. ಅಂಥ ಸಾಲಿನಲ್ಲಿ ಎಡಗಡೆ ಎರಡು ರೂಪವನ್ನೂ ಒಟ್ಟಿಗೆ ಬರೆಯಿರಿ. ಹೊಸ ಕಾಲಂ ಬೇಡ, ಅದೇ ಖಾನೆಯಲ್ಲಿ. ಬಾಯಲ್ಲಿ ಹೇಳುವಾಗಲೂ ಜೋಡಿಯಾಗಿಯೇ ಹೇಳಲಿ, "ಬೀಳು ಬಿದ್ದ, ಏಳು ಎದ್ದ" ಅಂತ. ಒಂದು ಲಯ ಬರುತ್ತದೆ.

ಬಾಗಿಲಿನ ಕಥೆ ಬೇರೆ. ತೆಗೆ ಅಂದರೆ ಟೇಕ್ ಅಂತ ಬರೆದದ್ದು ಪೂರ್ತಿ ತಪ್ಪಲ್ಲ. ಫೋಟೊ ತೆಗೆ ಅನ್ನುವಾಗ ಟೇಕ್. ಬಾಗಿಲು ತೆಗೆ ಅಂದರೆ ಓಪನ್. ಚಪ್ಪಲಿ ತೆಗೆ ಅಂದರೆ ಟೇಕ್ ಆಫ್. ಹಾಕು ನೋಡಿ: ಅಂಗಿ ಹಾಕು ಅಂದರೆ ವೇರ್, ಬಾಗಿಲು ಹಾಕು ಅಂದರೆ ಕ್ಲೋಸ್, ಉಪ್ಪು ಹಾಕು ಅಂದರೆ ಆಡ್. ಇಂಥ ಪದಕ್ಕೆ ಬಲಗಡೆ ಐದು ಅರ್ಥ ಸಾಲಾಗಿ ಬರೆದರೆ ಮೊದಲನೆಯದು ಮಾತ್ರ ನೆನಪಿರುತ್ತದೆ. ಬಲಗಡೆಯನ್ನು ಉದ್ದ ಮಾಡುವ ಬದಲು ಎಡಗಡೆ ಒಂದು ಜೊತೆ ಪದ ಕೊಡಿ. ಆಗ ಬಲಗಡೆ ಒಂದೇ ಅರ್ಥ ಸಾಕು.

ನಿಮ್ಮ ಮೊದಲ ಸಾಲುಗಳನ್ನೇ ತಿದ್ದಿ ತೋರಿಸುತ್ತೇನೆ. ಕ್ರಮ ಬೇಕಂತಲೇ ಕಲೆಸಿದ್ದೇನೆ.

| ಕನ್ನಡ | ಇಂಗ್ಲಿಷ್ ಅರ್ಥ |
|---|---|
| ಮಳೆ | ರೇನ್ |
| ಬಾಗಿಲು ತೆಗೆ | ಓಪನ್ ದ ಡೋರ್ |
| ತಂಗಿ | ಯಂಗರ್ ಸಿಸ್ಟರ್ |
| ಬೀಳು, ಬಿದ್ದ | ಫಾಲ್, ಫೆಲ್ |
| ಏಳು ದಿನ | ಸೆವೆನ್ ಡೇಸ್ |
| ಅಕ್ಕಿ | ಅನ್‌ಕುಕ್ಡ್ ರೈಸ್ |
| ಹಾಡು ಕೇಳು | ಲಿಸನ್ ಟು ಎ ಸಾಂಗ್ |
| ಬಳೆ | ಬ್ಯಾಂಗಲ್ |
| ಅಳು, ಅತ್ತ | ಕ್ರೈ, ಕ್ರೈಡ್ |
| ಫೋಟೊ ತೆಗೆ | ಟೇಕ್ ಎ ಫೋಟೊ |
| ಅನ್ನ | ಕುಕ್ಡ್ ರೈಸ್ |
| ಏಳು, ಎದ್ದ | ಗೆಟ್ ಅಪ್, ಗಾಟ್ ಅಪ್ |
| ದಾರಿ ಕೇಳು | ಆಸ್ಕ್ ದ ವೇ |
| ಅಕ್ಕ | ಎಲ್ಡರ್ ಸಿಸ್ಟರ್ |

ಏಳು ಎರಡು ಸಲ ಬಂದಿದೆ, ನೋಡಿ. ನಿಮ್ಮ ಪಟ್ಟಿಯಲ್ಲಿ ಸಂಖ್ಯೆ ಮಾತ್ರ ಇತ್ತು. ಹತ್ತು ಕೂಡ ಹಾಗೇ, ಹತ್ತು ದಿನವೂ ಹೌದು, ಮರ ಹತ್ತು ಅನ್ನುವುದೂ ಹೌದು. ಕಾಲು ನೋವು ಅಂದಾಗ ಲೆಗ್, ಕಾಲು ಗಂಟೆ ಅಂದಾಗ ಕ್ವಾರ್ಟರ್. ಬಲೆ ಮತ್ತು ಮಲೆಯನ್ನು ಬೇಕಂತಲೇ ಈ ಹಾಳೆಯಿಂದ ತೆಗೆದು ಬೇರೆ ಹಾಳೆಗೆ ಹಾಕಿದ್ದೇನೆ. ಒಂದೇ ದಿನ ಎರಡನ್ನೂ ಕಲಿತರೆ ಕಲೆಸಿಹೋಗುತ್ತದೆ. ಮೊದಲು ಬಳೆ ಗಟ್ಟಿಯಾಗಲಿ, ಎರಡು ದಿನ ಬಿಟ್ಟು ಬಲೆ ಬರಲಿ.

---

ಮಿಣುಕು

ಇಲ್ಲಿ ಮಾತ್ರ ನಾನು ಒಪ್ಪಲ್ಲ ಮೇಡಂ. ಬೇರೆ ಬೇರೆ ಹಾಳೆಯಲ್ಲಿ ಇಟ್ಟದ್ದರಿಂದಲೇ ನನಗೆ ಕಷ್ಟ ಆದದ್ದು. ಬಳೆ ಬಂದಾಗ ಳ ಕಡೆ ನೋಡಲೇ ಇಲ್ಲ, ನೋಡಬೇಕು ಅಂತ ಗೊತ್ತೇ ಇರಲಿಲ್ಲ. ಬ, ಏನೋ ಒಂದು, ಎ ಸ್ವರ, ಅಷ್ಟರಲ್ಲೇ ಬ್ಯಾಂಗಲ್ ಅಂದುಬಿಡುತ್ತಿದ್ದೆ. ಆಮೇಲೆ ಬಲೆ ಬಂದಾಗಲೂ ಬ್ಯಾಂಗಲ್. ಹುಲಿ, ಹುಳಿ ಎರಡನ್ನೂ ಅಕ್ಕಪಕ್ಕ ಇಟ್ಟು ಒಬ್ಬರು ತೋರಿಸಿದ ದಿನವೇ ನನ್ನ ಕಣ್ಣು ತೆರೆದದ್ದು. ಒಂದು ಕಾಡಲ್ಲಿ, ಒಂದು ನಾಲಿಗೆ ಮೇಲೆ.

---

ಕರಿಹಲಗೆ

ನಿಮಗೆ ತೋರಿಸುವ ಹೊತ್ತಿಗೆ ನಿಮಗೆ ಹುಲಿ ಮೊದಲೇ ಗೊತ್ತಿತ್ತು, ಅಲ್ವಾ? ನಾನು ಹೇಳುವುದು ಅದನ್ನೇ. ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಪಕ್ಕದಲ್ಲಿ ಇಡಿ.

---

ಮಿಣುಕು

ಎರಡೂ ಗೊತ್ತಿರಲಿಲ್ಲ ಮೇಡಂ. ಮೃಗಾಲಯಕ್ಕೂ ಹೋಗಿರಲಿಲ್ಲ.

---

ಕರಿಹಲಗೆ

ಹಾಗಾದರೆ ನಿಮ್ಮ ಕಣ್ಣು ನನ್ನ ವಿದ್ಯಾರ್ಥಿಗಳ ಕಣ್ಣಿಗಿಂತ ಚುರುಕು. ನನ್ನ ತರಗತಿಯಲ್ಲಿ ಒಟ್ಟಿಗೆ ಕೊಟ್ಟಾಗ ಒಂದು ವಾರ ಆದ ಮೇಲೆ "ಎರಡರಲ್ಲಿ ಒಂದು ಟೈಗರ್, ಯಾವುದು ಅಂತ ಗೊತ್ತಿಲ್ಲ" ಅನ್ನುವವರೇ ಜಾಸ್ತಿ. ಇಬ್ಬರೂ ನಮ್ಮ ನಮ್ಮ ಅನುಭವ ಹೇಳುತ್ತಿದ್ದೇವೆ, ಬಿಡಿ.

---

ಬಿಸಿಲುಕುದುರೆ

ನಮ್ಮ ಕಡೆ ಮಾತಾಡುವಾಗ ಎಷ್ಟೋ ಜನ ಳ ಅನ್ನೋದನ್ನು ಲ ಅಂತಲೇ ಅನ್ನುತ್ತಾರೆ. ಯಾರೂ ತಪ್ಪು ತಿಳಿಯಲ್ಲ. ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

---

ಲೆಕ್ಕದ_ಪುಸ್ತಕ

ಮಾತಿನಲ್ಲಿ ಸರಿ, ಮುಂದೆ ಮಳೆ ಸುರಿಯುತ್ತಿರುತ್ತದೆ, ತಾನೇ ಗೊತ್ತಾಗುತ್ತದೆ. ಟೆಸ್ಟ್‌ನಲ್ಲಿ ಒಂಟಿ ಪದ ಕೊಟ್ಟು ಅರ್ಥ ಕೇಳುತ್ತಾರೆ. "ಕೊಳೆ" ಅಂತ ಇದ್ದದ್ದಕ್ಕೆ "ಮರ್ಡರ್" ಅಂತ ಬರೆದರೆ?

---

ಬಿಸಿಲುಕುದುರೆ

ಅದಕ್ಕೆ ಮಾರ್ಕ್ಸ್ ಅಲ್ಲ, ಪೊಲೀಸ್ ಬರುತ್ತಾರೆ. ಸರಿ, ತೆಪ್ಪಗಾದೆ. ಆದರೆ ಒಂದು ಕೇಳಲಾ? ಇಂಗ್ಲಿಷಿನಿಂದ ಕನ್ನಡಕ್ಕೆ ಬರುವುದೇ ಕಷ್ಟ ಅಂದಮೇಲೆ ಉಳಿದ ದಿನವೆಲ್ಲ ಅದನ್ನೊಂದೇ ಮಾಡಿಸಿದರೆ ಸಾಲದಾ? ಕಷ್ಟದ್ದು ಬಂದರೆ ಸುಲಭದ್ದು ತಾನಾಗೇ ಬರುತ್ತದೆ.

---

ಕರಿಹಲಗೆ

ಮುಕ್ಕಾಲು ಪಾಲು ಸರಿ ಹೇಳಿದಿರಿ. ಬಲದಿಂದ ಎಡಕ್ಕೆ ಬರುವುದಕ್ಕೆ ಜಾಸ್ತಿ ಹೊತ್ತು ಕೊಡಿ. ಆದರೆ ಈಗಷ್ಟೇ ಮಾತಾಡಿದ ತೊಂದರೆ ಆ ದಿಕ್ಕಿನಲ್ಲಿ ಕಾಣುವುದೇ ಇಲ್ಲ, ಅದರಲ್ಲೂ ಬಾಯಲ್ಲಿ ಒಪ್ಪಿಸುವಾಗ. "ರೇನ್" ಅಂದರೆ ಅವರು "ಮಲೆ" ಅಂದ ಹಾಗೆ ಕೇಳಿಸುತ್ತದೆ, ಮನೆಯವರು ಸರಿ ಅಂದುಬಿಡುತ್ತಾರೆ. ಅವರ ಕಣ್ಣು ಲ, ಳ ಬೇರೆ ಅಂತ ನೋಡಿದೆಯೋ ಇಲ್ಲವೋ ತಿಳಿಯುವುದು ಎಡದಿಂದ ಬಲಕ್ಕೆ ಓದಿಸಿದಾಗ ಮಾತ್ರ. ಅಥವಾ ಬರೆಸಿದಾಗ. ದಿನಕ್ಕೆ ಒಂದು ಸುತ್ತು ಅದೂ ಇರಲಿ.

ಸಾಲುಗೆರೆ ಅವರೇ, ಉಳಿದ ದಿನಕ್ಕೆ ಒಂದು ಕೆಲಸ ಮಾಡಿ. ಹಾಳೆಯನ್ನು ನಡುಗೆರೆಯಲ್ಲಿ ಉದ್ದಕ್ಕೆ ಮಡಿಸಿ. ಒಂದು ಕಡೆ ಮಾತ್ರ ಕಾಣಬೇಕು. ತಪ್ಪಿದ ಸಾಲಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ. ತಡವರಿಸಿ ಹೇಳಿದರೂ ಚುಕ್ಕಿ. ಮುಂದಿನ ಸುತ್ತಿನಲ್ಲಿ ಚುಕ್ಕಿ ಇದ್ದವು ಮಾತ್ರ. ಸಂಜೆ ಒಂದು ಸುತ್ತು, ಮಲಗಿ ಎದ್ದ ಮೇಲೆ ಇನ್ನೊಂದು. ರಾತ್ರಿ ಸರಿ ಹೇಳಿ ಬೆಳಿಗ್ಗೆ ತಪ್ಪಿದವು ಯಾವುವು ನೋಡಿಕೊಳ್ಳಿ, ಅವೇ ನಿಜವಾಗಿ ಕೂರದೇ ಇರುವ ಪದಗಳು. ಮೂರು ಚುಕ್ಕಿ ಬಿದ್ದ ಪದಕ್ಕೆ ಮತ್ತೆ ಮತ್ತೆ ಓದಿಸಬೇಡಿ, ಒಂದು ಜೊತೆ ಪದ ಹಾಕಿ ಸಾಲನ್ನೇ ಬದಲಿಸಿ.

ಟೆಸ್ಟ್ ದಿನ ಬೆಳಿಗ್ಗೆ ನಾಲ್ಕು ಹಾಳೆಯನ್ನೂ ಕೈಗೆ ಕೊಡಬೇಡಿ. ಚುಕ್ಕಿ ಉಳಿದ ಸಾಲುಗಳನ್ನು ಮಾತ್ರ ಒಂದು ಹಾಳೆಗೆ ಇಳಿಸಿ ಕೊಡಿ.

---

ಮಳೆಬಿಲ್ಲು

ಚುಕ್ಕಿ ಉಪಾಯ ನನ್ನ ಮಗನಿಗೂ ಮಾಡಿದೆ. ಅವನು ಚುಕ್ಕಿ ಅಳಿಸೋಕೆ ರಬ್ಬರ್ ತಂದಿಟ್ಟುಕೊಂಡಿದ್ದಾನೆ. ಪೆನ್ನಿನಲ್ಲಿ ಹಾಕಬೇಕು ಅಂತ ತಿಳಿಸೋಕೆ ಬರೆದೆ.

---

ಸಾಲುಗೆರೆ

ಟೆಸ್ಟ್ ಇವತ್ತು ಮುಗಿಯಿತು. ನಿನ್ನೆ ರಾತ್ರಿಯ ಲೆಕ್ಕ: ಕನ್ನಡದಿಂದ ಇಂಗ್ಲಿಷಿಗೆ 109, ಇಂಗ್ಲಿಷಿನಿಂದ ಕನ್ನಡಕ್ಕೆ 92. ಬೆಳಿಗ್ಗೆ ಕೈಯಲ್ಲಿ ಇದ್ದದ್ದು 19 ಸಾಲಿನ ಒಂದು ಹಾಳೆ. ಅದರಲ್ಲಿ ಮೊದಲನೆಯದೇ ಮೈದುನ. ನಾನು ಏನೂ ಮಾತಾಡಲಿಲ್ಲ.

ಪ್ಯಾರಾದಲ್ಲಿ "ನಿಂತು" ಬಂದಿತ್ತಂತೆ. ನಿಲ್ಲು, ನಿಂತ ಅಂತ ಜೋಡಿಯಾಗಿ ಒಪ್ಪಿಸಿದ್ದು ನೆನಪಾಯಿತು ಅಂದರು. ಒಂಟಿ ಪದದಲ್ಲಿ "ಹೊಳೆ" ಕೊಟ್ಟಿದ್ದರಂತೆ. ಪಟ್ಟಿಯಲ್ಲಿ ಇದ್ದದ್ದು ಸ್ಟ್ರೀಮ್, ಅದನ್ನೇ ಬರೆದಿದ್ದಾರೆ. ಶೈನ್ ಅಂತಲೂ ಆಗುತ್ತದೆ ಅಂತ ನನಗೆ ಈಗ ಹೊಳೆಯಿತು.

ಒಂದೇ ಒಂದು ಜಗಳ ಉಳಿದಿದೆ. "ಡೇ ಆಫ್ಟರ್ ಟುಮಾರೊ" ಕೊಟ್ಟು ಕನ್ನಡ ಕೇಳಿದ್ದಾರೆ. ಪಟ್ಟಿಯಲ್ಲಿ ನಾಡಿದ್ದು ಅಂತ ಬರೆದಿದ್ದೆ. ಅತ್ತಿಗೆ ನಾಳಿದ್ದು ಅಂತ ಬರೆದು ಬಂದಿದ್ದಾರೆ. ಕೇಳಿದರೆ, ನಮ್ಮಮ್ಮ ದಿನಾ ಹಾಗೇ ಅನ್ನುತ್ತಾರಂತೆ. ಹೌದು, ಅನ್ನುತ್ತಾರೆ. ಮಾರ್ಕ್ಸ್ ಕೊಡುತ್ತಾರಾ?

---

ಕರಿಹಲಗೆ

ನಾನಾದರೆ ಕೊಡುತ್ತೇನೆ. ಎರಡೂ ಕನ್ನಡವೇ. ತಿದ್ದುವವರ ಕೈಯಲ್ಲಿ ಇರುವ ಉತ್ತರದ ಹಾಳೆಯೂ ಎರಡು ಕಾಲಂನದ್ದೇ ಆಗಿರುತ್ತದೆ, ಅದರ ಎಡಗಡೆ ಒಂದೇ ಪದ ಇದ್ದರೆ ಕಷ್ಟ.

---

ಬಿಸಿಲುಕುದುರೆ

ನಮ್ಮ ಮನೇಲೂ ನಾಳಿದ್ದೇ. ನಾಡಿದ್ದು ಅನ್ನೋರು ಟಿವಿಯವರು ಅಂದುಕೊಂಡಿದ್ದೆ.

---

ಮಿಣುಕು

ನಾನು ಕಲಿತದ್ದು ನಾಡಿದ್ದು. ನಾಳಿದ್ದು ಅಂತ ಯಾರೋ ಅಂದಾಗ "ನಾಳೆ ಇದ್ದದ್ದು" ಅಂತ ತಿಳಿದು ಒಂದು ದಿನ ಮುಂಚೆ ಹೋಗಿ ಬಾಗಿಲು ತಟ್ಟಿದ್ದೆ. ಅತ್ತಿಗೆಯವರ ರಿಸಲ್ಟ್ ಯಾವಾಗ?

---

ಸಾಲುಗೆರೆ

ನಾಳಿದ್ದು.